ಮೇಷ್ಟ್ರ ಮನೆಯ ನೂರ ಹದಿನಾರು ದಿನ

ಕುದೂರಿನ ಕೆಂಪರಾಜು ಮೇಷ್ಟ್ರ ಹೊಸ ಮನೆ ಕಾರ್ತೀಕದ ಮೊದಲ ವಾರಕ್ಕೆ ಮುಗಿಯಬೇಕಾಗಿತ್ತು. ಕಾರ್ತೀಕ ಹುಟ್ಟಿ ಹತ್ತು ದಿನವಾಗಿದ್ದರೂ ಗೋಡೆಗಳಿಗೆ ಪ್ಲಾಸ್ಟರ್ ಕೂಡ ಆಗಿರಲಿಲ್ಲ. ಕಂಟ್ರಾಕ್ಟರ್ ಬಾಲರಾಜು ಆ ಭಾನುವಾರ ಬೆಳಿಗ್ಗೆ ಬೋಳು ಇಟ್ಟಿಗೆ ಗೋಡೆಗೆ ಬೆನ್ನು ಕೊಟ್ಟು ನಿಂತು ಬೈಸಿಕೊಳ್ಳುತ್ತಿದ್ದ. ನಲವತ್ಮೂರು ವರ್ಷದ ಗಂಡಸು, ಹನ್ನೊಂದು ಮನೆ ಕಟ್ಟಿ ಸೈ ಅನ್ನಿಸಿಕೊಂಡವನು, ಕೈ ಎಲ್ಲಿಡಬೇಕೆಂದು ತಿಳಿಯದೆ ಶರ್ಟಿನ ಗುಂಡಿ ತಿರುವುತ್ತಿದ್ದ.

"ಬರೆದುಕೊಟ್ಟಿದ್ಯೋ ಇಲ್ವೋ?" ಅಂದರು ಮೇಷ್ಟ್ರು. ಅವರ ದೊಡ್ಡಪ್ಪನ ಮಗ ಬೋರಲಿಂಗಯ್ಯನವರು ಪಕ್ಕದಲ್ಲಿ ಕೇಳುತ್ತಾ ನಿಂತಿದ್ದರು. "ದೀಪಾವಳಿ ಕಳೀತಿದ್ದಂಗೆ ಮನೆ ಕೈಗೆ ಕೊಡ್ತೀನಿ ಅಂತ ಸೈನ್ ಹಾಕಿದ್ಯೋ ಇಲ್ವೋ?"

"ಹಾಕಿದ್ದೀನಿ ಸಾರ್."

"ಮತ್ತೆ? ನಮ್ಮವ್ವ ಬಾಡಿಗೆ ಮನೇಲಿ ಕಣ್ಣು ಮುಚ್ಚಿದ್ರೆ ಜವಾಬ್ದಾರಿ ಯಾರದು?"

ಬಾಲರಾಜು ಬಾಯಿ ತೆರೆದ. ಒಳಗಿದ್ದ ಮಾತು ಗಂಟಲವರೆಗೂ ಬಂತು. ತಡ ಮಾಡಿದವರು ನೀವೇ ಸಾರ್, ಅನ್ನುವ ನಾಲ್ಕೇ ಪದದ ಮಾತು. ಬೋರಲಿಂಗಯ್ಯನವರು ಮೀಸೆ ನೀವಿಕೊಳ್ಳುತ್ತಾ ಅವನ ಮುಖವನ್ನೇ ನೋಡುತ್ತಿದ್ದರು. ಅವರ ಎದುರಿಗೆ ಮೇಷ್ಟ್ರನ್ನು ಹೀಗಳೆಯುವುದುಂಟೇ? ಮಾತನ್ನು ನುಂಗಿ, "ಬೇಗ ಮುಗಿಸ್ಕೊಡ್ತೀನಿ ಸಾರ್," ಅಂದ.

ಈ ಬಾಲರಾಜುವಿನ ನಾಲಿಗೆ ಬೇರೆಲ್ಲ ಕಡೆ ಚುರುಕೇ. ಸಿಮೆಂಟ್ ಅಂಗಡಿಯವನನ್ನು ತರಾಟೆಗೆ ತೆಗೆದುಕೊಳ್ಳಬಲ್ಲ, ಜಲ್ಲಿ ಲಾರಿಯವನ ಜನ್ಮ ಜಾಲಾಡಬಲ್ಲ. ಮೇಷ್ಟ್ರ ಮುಂದೆ ಮಾತ್ರ ಅದು ಮಡಚಿಕೊಂಡುಬಿಡುತ್ತಿತ್ತು. ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟು ಅಪ್ಪನ ಜೊತೆ ಕಲ್ಲು ಒಡೆಯಲು ಹೋಗಿದ್ದವನನ್ನು ಇದೇ ಮೇಷ್ಟ್ರು ಕ್ವಾರಿಗೇ ಬಂದು, ಕೈಹಿಡಿದು ವಾಪಸ್ ಕರೆತಂದಿದ್ದರು. ಅಪ್ಪನ ಹತ್ತಿರ ಜಗಳವಾಡಿದ್ದರು. ಅವತ್ತು ಅವರು ಬರದೇ ಹೋಗಿದ್ದರೆ ಇವತ್ತು ಅವನ ಕೈಯಲ್ಲಿ ಅಳತೆ ಟೇಪು ಇರುತ್ತಿರಲಿಲ್ಲ, ಸುತ್ತಿಗೆ ಇರುತ್ತಿತ್ತು. ರಿಟೈರ್ ಆದ ಮೇಲೆ ಹಳೇ ಮನೆ ಕೆಡವಿ ಹೊಸದು ಕಟ್ಟಿಸುವಾಗ ಊರಿನ ದೊಡ್ಡ ಕಂಟ್ರಾಕ್ಟರುಗಳನ್ನೆಲ್ಲ ಬಿಟ್ಟು, "ನಮ್ಮ ಹುಡುಗನೇ ಕಟ್ಟಲಿ" ಅಂದವರೂ ಅವರೇ.

ತಡವಾದದ್ದು ಹೇಗೆ ಅನ್ನುವುದು ಸೈಟಿನಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಮೊದಲನೆಯದು ತಲೆಬಾಗಿಲು. ಅದಕ್ಕೆ ಅಪ್ಪ ನೆಟ್ಟ ಹಲಸಿನ ಮರವೇ ಆಗಬೇಕು ಅಂತ ಮೇಷ್ಟ್ರ ಹಟ. ಒಳ್ಳೆಯ ಆಸೆಯೇ. ಆದರೆ ತೋಟದಲ್ಲಿದ್ದದ್ದು ಎರಡು ಮರ. ಬಾವಿ ಪಕ್ಕದ್ದು ಕಡಿಸಲೋ, ಬೇಲಿ ಪಕ್ಕದ್ದು ಕಡಿಸಲೋ ಅನ್ನುವುದು ಒಂದು ತಿಂಗಳಾದರೂ ತೀರ್ಮಾನವಾಗಲಿಲ್ಲ. ಏಪ್ರಿಲ್ ಕೊನೆಗೆ ಬರಬೇಕಾದ ಮರ ಜೂನ್ ನಡುವಿಗೆ ಬಂತು. ಬಡಗಿ ಚೌಕಟ್ಟು ಮಾಡಿ ಮುಗಿಸುವಷ್ಟರಲ್ಲಿ ಆಷಾಢ ಹಿಡಿದುಕೊಂಡಿತು, ಆಷಾಢದಲ್ಲಿ ಯಾರು ಬಾಗಿಲು ನಿಲ್ಲಿಸುತ್ತಾರೆ? ಬಾಗಿಲಿನ ಜಾಗ ಬಿಟ್ಟುಕೊಂಡು ಮಿಕ್ಕ ಗೋಡೆ ಏಳಿಸಬಹುದಿತ್ತು. "ತಲೆಬಾಗಿಲಿಗೆ ಪೂಜೆ ಆಗದೆ ಒಂದು ಇಟ್ಟಿಗೇನೂ ಮೇಲೆ ಹೋಗಕೂಡದು," ಅಂದುಬಿಟ್ಟರು ಮೇಷ್ಟ್ರು. ಗೋಡೆ ಏಳದೆ ಬಾಗಿಲು ಕಿಟಕಿ ಮೇಲಿನ ಲಿಂಟಲ್ ಇಲ್ಲ, ಲಿಂಟಲ್ ಇಲ್ಲದೆ ಛಾವಣಿಯ ಮೌಲ್ಡ್ ಇಲ್ಲ. ಶ್ರಾವಣದವರೆಗೆ ಎಂಬತ್ತಾರು ದಿನ ಹೋಯಿತು.

ಎರಡನೆಯದು ಕರೆಂಟ್, ನೀರಿನ ಪಾಯಿಂಟುಗಳ ಪಟ್ಟಿ. ಸ್ವಿಚ್ಚು ಎಲ್ಲಿ, ಫ್ಯಾನು ಎಲ್ಲಿ, ಅಡುಗೆಮನೆಯಲ್ಲಿ ಮಿಕ್ಸಿ ಎಲ್ಲಿ, ನಲ್ಲಿ ಎಲ್ಲಿ ಎಂದು ಗೊತ್ತಾದರೆ ಗೋಡೆ ಕೊರೆದು ಪೈಪು ಹೂಳಬಹುದು. ಪೈಪು ಹೂತ ಮೇಲೆ ತಾನೇ ಪ್ಲಾಸ್ಟರ್? ಮಗಳು ಪ್ರತಿಮಾ ಮೈಸೂರಿಂದ ಬರೆದು ಕಳಿಸುತ್ತಾಳೆ ಅಂದಿದ್ದರು ಮೇಷ್ಟ್ರು. ಅವಳು ಅಪ್ಪ ಹೇಳಲಿ ಅಂತಿದ್ದಳು, ಅಪ್ಪ ಮಗಳು ಹೇಳಲಿ ಅಂತಿದ್ದರು. ಅಕ್ಟೋಬರ್ ಮೂರರಿಂದ ಇವತ್ತಿನವರೆಗೆ ಮೂವತ್ತು ದಿನ ಗೋಡೆಗಳು ಹಾಗೇ ನಿಂತಿದ್ದವು.

ಇಷ್ಟನ್ನೂ ಹೇಳಲು ಬಾಲರಾಜುವಿನ ಬಳಿ ಒಂದು ಪುಸ್ತಕವೇ ಇತ್ತು. ಕೆಲಸ ಶುರುವಾದ ದಿನ ಮೇಷ್ಟ್ರೇ ಉದ್ದನೆಯ ರೂಲ್ಡ್ ಪುಸ್ತಕವೊಂದನ್ನು ತಂದುಕೊಟ್ಟು, ದಿನದಿನದ ಕೆಲಸ ಬರೆಯಬೇಕು, ಕೆಲಸ ನಿಂತರೆ ಯಾಕೆ ನಿಂತಿತು ಅಂತ ಬರೆಯಬೇಕು, ಪ್ರತಿ ಭಾನುವಾರ ನೋಡಿ ಸೈನ್ ಹಾಕುತ್ತೇನೆ ಅಂದಿದ್ದರು. ಎಂಥ ಒಳ್ಳೆಯ ಪದ್ಧತಿ! ಆದರೆ ಮೇ ತಿಂಗಳ ಮೊದಲ ಶನಿವಾರ "ಕಾರಣ" ಅನ್ನುವ ಕಾಲಮ್ಮಿನ ಮುಂದೆ ಕೂತಾಗ ಅವನ ಪೆನ್ನು ನಿಂತುಬಿಟ್ಟಿತು. ಮರ ಬಂದಿಲ್ಲ ಅಂತ ಬರೆದರೆ ನಾಳೆ ಮೇಷ್ಟ್ರು ತಮ್ಮದೇ ತಪ್ಪಿನ ಕೆಳಗೆ ಕೆಂಪು ಇಂಕಿನಲ್ಲಿ ಸೈನ್ ಹಾಕಬೇಕು. ಗುರುಗಳ ಕೈಯಲ್ಲಿ ಅದನ್ನು ಮಾಡಿಸುವುದು ಅವನಿಗೆ ಆಗಲಿಲ್ಲ. ಮಳೆ, ಅಂತ ಬರೆದ. ಮಾರನೆಯ ದಿನವೂ ಮಳೆ. ಅದಾದ ಮೇಲೆ ಕಬ್ಬಿಣ ಬಂದಿಲ್ಲ, ಆಳು ಬಂದಿಲ್ಲ. ಅಕ್ಟೋಬರಿನಲ್ಲಂತೂ ದಿನಾ "ಗಾರೆಯವರು ಬಂದಿಲ್ಲ". ಹೀಗೆ ಮೇಷ್ಟ್ರ ಮರ್ಯಾದೆ ಉಳಿಸುತ್ತಾ ಉಳಿಸುತ್ತಾ ಪುಸ್ತಕದ ತುಂಬ ತನ್ನ ಮೇಲೆ ತಾನೇ ದೂರು ಬರೆದುಕೊಂಡಿದ್ದ.

ಮೇಷ್ಟ್ರೂ ಬೋರಲಿಂಗಯ್ಯನವರೂ ಹೊರಟುಹೋದ ಮೇಲೆ ಗಾರೆ ಮೇಸ್ತ್ರಿ ಮುಜೀಬ್ ಬಂದು ಪಕ್ಕದಲ್ಲಿ ಕೂತ. ಹದಿನಾರು ವರ್ಷದಿಂದ ಜೊತೆಗಿದ್ದವನು.

"ಏನಣ್ಣ, ನನ್ನ ಹುಡುಗ್ರು ಬರಾಕಿಲ್ಲ ಅಂತ ಬರ್ದಿದ್ದೀಯಂತೆ? ದಿನಾ ಬಂದು ವಾಪಸ್ ಹೋಗಿರೋರು ಅವ್ರು."

"ಗೊತ್ತು ಕಣ್ಲಾ. ಇನ್ನೇನು ಬರೀಲಿ?"

"ನಿಜ ಬರಿ. ಮೇ ತಿಂಗ್ಳಲ್ಲಿ ಒಂದು ಹನಿ ಬಿದ್ದಿರ್ಲಿಲ್ಲ. ಮೇಷ್ಟ್ರು ಇದೇ ಊರಲ್ಲಿ ಅವ್ರೆ, ಅವ್ರಿಗೇನು ಕಣ್ಣಿಲ್ವಾ? ಮಳೆ ಅಂತ ಬರ್ದಿದ್ದಕ್ಕೆ ಸುಮ್ಕೆ ಸೈನ್ ಹಾಕವ್ರಲ್ಲ, ಯಾಕೆ?"

ಬಾಲರಾಜು ಇದನ್ನು ಯೋಚಿಸಿಯೇ ಇರಲಿಲ್ಲ. ಯೋಚಿಸಲು ಇಷ್ಟವೂ ಆಗಲಿಲ್ಲ.

"ಅಜ್ಜಿ ಒಳ್ಳೆ ಸ್ಥಿತೀಲಿಲ್ಲ ಅಂತಾರೆ," ಅಂದ ಮುಜೀಬ್ ಮೆಲ್ಲಗೆ. "ಇವತ್ತು ಪಟ್ಟಿ ಕೊಟ್ರೂ ಅಡುಗೆಮನೆ, ನಡುಮನೆ ಎರಡಾದ್ರೂ ಹದಿನೈದು ದಿನಕ್ಕೆ ಮಾಡ್ಬುಡಾನ. ಅವ್ರು ಹಾಲುಕ್ಕಿಸ್ಕಳ್ಳಿ. ಹೋಗಿ ಹೇಳಣ್ಣ. ಒಸಿ ನಯವಾಗಿ ಹೇಳು, ಆದ್ರೆ ಹೇಳು."

ಸಾಯಂಕಾಲ ಬಾಲರಾಜು ಬಸ್‌ಸ್ಟ್ಯಾಂಡ್ ಪಕ್ಕದ ಬಾಡಿಗೆ ಮನೆಯ ಮೆಟ್ಟಿಲು ಹತ್ತಿದ. ಮೇಲಿನ ಮಹಡಿ, ಹತ್ತೊಂಬತ್ತು ಕಡಿದಾದ ಮೆಟ್ಟಿಲು. ಫೆಬ್ರವರಿಯಲ್ಲಿ ಮೇಷ್ಟ್ರ ತಾಯಿ, ಅಜ್ಜಿ ಚಿಕ್ಕಲಕ್ಷ್ಮಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ಹತ್ತಿಸಿದ್ದರು. ಆಮೇಲೆ ಆಕೆ ಕೆಳಗಿಳಿದಿರಲಿಲ್ಲ.

ದಾರಿಯುದ್ದಕ್ಕೂ ಮಾತನ್ನು ಹೊಂದಿಸಿಕೊಂಡು ಬಂದಿದ್ದ. ಎಲ್ಲೂ ನೀವು ಅನ್ನುವ ಪದ ಬರದಂತೆ.

"ಸಾರ್, ಆ ಕರೆಂಟ್ ಪಾಯಿಂಟಿಂದು ಒಸಿ ನೋಡಿದ್ರೆ ಅನುಕೂಲ ಆಗ್ತಿತ್ತು."

"ಹೂಂ, ಪ್ರತಿಮಾ ಕಳಿಸ್ತಾಳೆ."

"ಅದು ಬಂದ್ರೆ ಕೆಲಸಕ್ಕೆ ಒಂದು ದಾರಿ ಆಯ್ತದೆ ಅಂತ. ನಿಧಾನ ಆದ್ರೂ ಪರವಾಗಿಲ್ಲ, ಆದ್ರೂ..."

"ಬರುತ್ತೆ ಬಿಡೋ. ಅದಿರ್ಲಿ, ಇದೇನಿದು?" ಮೇಷ್ಟ್ರು ಬೆಳಿಗ್ಗೆ ಸೈನಿಗೆಂದು ಒಯ್ದಿದ್ದ ಪುಸ್ತಕ ತೆರೆದು ಅವನ ಮುಂದಿಟ್ಟರು. "ಗಾರೆಯವರು ಬಂದಿಲ್ಲ, ಬಂದಿಲ್ಲ, ಬಂದಿಲ್ಲ. ನಿನ್ನ ಅಕ್ಷರವೇ ತಾನೇ? ಆಳು ಹಿಡಿಯೋಕೆ ಬರದಿದ್ದ ಮೇಲೆ ಕೆಲಸ ಯಾಕೆ ಒಪ್ಕೊಂಡೆ?"

ಒಳಗಿನ ಕೋಣೆಯಿಂದ, "ಯಾರ್ಲಾ ಅದು, ಬಾಲನಾ?" ಅನ್ನುವ ದನಿ ಬಂತು.

ಅಜ್ಜಿ ಮಂಚದ ಮೇಲೆ ಒಂದು ಹಿಡಿಯಾಗಿದ್ದಳು. ಕಳೆದ ಭಾನುವಾರ ನೋಡಿದ್ದಕ್ಕಿಂತ ಇನ್ನೂ ಕಿರಿದಾಗಿದ್ದಾಳೆ ಅನ್ನಿಸಿತು ಬಾಲರಾಜುವಿಗೆ. ಆಕೆ ಅವನ ಮುಂಗೈ ಹಿಡಿದುಕೊಂಡಳು. ಹಿಡಿತ ಎಲ್ಲಿದೆ ಅಂತಲೇ ಗೊತ್ತಾಗಲಿಲ್ಲ.

"ಎಷ್ಟಕ್ಕೆ ಬಂತಪ್ಪ ಮನೆ?"

"ಆಯ್ತಾ ಐತೆ ಅಜ್ಜಿ."

"ಅರವತ್ತೆಂಟು ವರ್ಷ ಆ ಜಾಗದಲ್ಲಿ ಬಾಳಿದೋಳು ನಾನು. ಇಲ್ಲಿ ಜೀವ ಹೋದ್ರೆ ಆ ಓನರಮ್ಮ ಪಾಪ ಏನು ಮಾಡ್ತಾಳೆ? ನಾಳೆ ಈ ಕೋಣೆಗೆ ಯಾರು ಬಾಡಿಗೆಗೆ ಬತ್ತಾರೆ? ಒಳ್ಳೆ ಹೆಣ್ಣುಮಗಳು ಅವಳು, ದಿನಾ ಒಂದು ಲೋಟ ಮಜ್ಜಿಗೆ ಕಳಿಸ್ತಾಳೆ. ಅವಳ ಮನೆ ಮೈಲಿಗೆ ಮಾಡಿ ಹೋಗಾಕೆ ನನಗಿಷ್ಟ ಇಲ್ಲ ಕಣಪ್ಪ." ಉಸಿರು ತೆಗೆದುಕೊಂಡು ಮತ್ತೆ ಅಂದಳು, "ನಮ್ಮ ಮನೆ ಒಳಗಿಂದ ಹೋಗಬೇಕು. ಬಣ್ಣ ಗಿಣ್ಣ ಬ್ಯಾಡ. ಒಂದು ಕಡೆ ನೆಲ ಮಾಡಿ ನನ್ನ ಕರ್ಕೊಂಡೋಗಿ ಮಲಗಿಸ್ಬುಡಿ ಸಾಕು."

"ಆಯ್ತು ಅಜ್ಜಿ," ಅಂದ. ಹೊರಗೆ ಬಂದು ಚಪ್ಪಲಿ ಮೆಟ್ಟಿದ. ಮೇಷ್ಟ್ರಿಗೆ ಕೈಮುಗಿದು ಮೆಟ್ಟಿಲಿಳಿದ. ಕೆಳಗೆ ನಿಂತಿದ್ದ ಬೈಕಿಗೆ ಕೀ ಹಾಕಿದವನು ತಿರುಗಿಸಲಿಲ್ಲ. ಅಲ್ಲೇ ಎರಡು ನಿಮಿಷ ನಿಂತ. ತನ್ನ ಮೇಲೆ ತನಗೇ ಅಸಹ್ಯ ಬಂತು. ಇಷ್ಟು ದೊಡ್ಡ ಆಳು, ಒಂದು ಮಾತು ಹೇಳಲಾರದವನು. ಮತ್ತೆ ಹತ್ತೊಂಬತ್ತು ಮೆಟ್ಟಿಲು ಹತ್ತಿದ.

"ಏನೋ, ಏನಾದ್ರೂ ಮರೆತ್ಯಾ?"

"ಸಾರ್, ನಾನೊಂದು ತಪ್ಪು ಮಾಡಿದ್ದೀನಿ. ಆ ಪುಸ್ತಕದಲ್ಲಿ ಸುಳ್ಳು ಬರ್ದಿದ್ದೀನಿ."

ಮೇಷ್ಟ್ರು ಕನ್ನಡಕ ತೆಗೆದರು.

"ಮೇ ತಿಂಗ್ಳಲ್ಲಿ ಮಳೆ ಬರ್ಲಿಲ್ಲ ಸಾರ್. ಹಲಸಿನ ಮರ ಬಂದಿರ್ಲಿಲ್ಲ, ಅದಕ್ಕೆ ಕೆಲಸ ನಿಂತಿತ್ತು. ಹೋದ ತಿಂಗ್ಳೂ ಗಾರೆಯವ್ರು ದಿನಾ ಬಂದವ್ರೆ. ನಾನೇ ವಾಪಸ್ ಕಳಿಸ್ದೆ. ಪಾಯಿಂಟ್ ಗೊತ್ತಿಲ್ದೆ ಪ್ಲಾಸ್ಟರ್ ಮಾಡಿದ್ರೆ ಆಮೇಲೆ ಒಡೀಬೇಕಾಯ್ತದೆ. ನಿಮಗೆ ನಿಜ ತಿಳ್ಸಬೇಕಾಗಿತ್ತು. ತಿಳ್ಸಿದ್ರೆ ನೀವು ಯಾವಾಗ್ಲೋ ತೀರ್ಮಾನ ಮಾಡ್ತಿದ್ರಿ. ನನಗೆ ಬಾಯಿ ಬರ್ಲಿಲ್ಲ ಸಾರ್, ಅದು ನನ್ನ ತಪ್ಪು."

ಇದಕ್ಕಿಂತ ನಯವಾಗಿ ಹೇಳುವುದು ಯಾರಿಂದಲೂ ಆಗುತ್ತಿರಲಿಲ್ಲ. ಬಾಣವನ್ನು ತನ್ನ ಕಡೆಗೇ ತಿರುಗಿಸಿ ಹಿಡಿದು ಹೇಳಿದ್ದ. ಆದರೂ ಅದು ನಾಟಬೇಕಾದಲ್ಲೇ ನಾಟಿತು. ಮೇಷ್ಟ್ರು ಬೈಯಲಿಲ್ಲ. ಪುಸ್ತಕವನ್ನು ಮೇ ತಿಂಗಳಿಗೆ ತಿರುಗಿಸಿ, ಕೆಂಪು ಪೆನ್ನು ತೆಗೆದು, ಮಳೆ ಅನ್ನುವುದನ್ನು ಹೊಡೆದು ಪಕ್ಕದಲ್ಲಿ ಮರ ಎಂದು ಬರೆದರು. ಪುಟ ತಿರುಗಿಸಿದರು. ಮತ್ತೆ ಹೊಡೆದರು. ಉತ್ತರ ಪತ್ರಿಕೆ ತಿದ್ದುವಾಗಲೂ ಅವರು ಹೀಗೇ ಕೂರುತ್ತಿದ್ದರು, ತುಟಿ ಬಿಗಿದು. ಮೂವತ್ತು ದಿನ ಪಟ್ಟಿ, ಪಟ್ಟಿ, ಪಟ್ಟಿ ಅಂತ ಬರೆದು ಮುಗಿಸಿ, ಕೆಳಗೆ ಕೂಡಿದರು. ನೂರ ಹದಿನಾರು.

ಆಮೇಲೆ ಮೈಸೂರಿಗೆ ಫೋನು ಮಾಡಿದರು. "ಪ್ರತಿಮಾ, ಪೆನ್ನು ತಗೋ." ಅಡುಗೆಮನೆ, ನಡುಮನೆ, ಎರಡು ರೂಮು, ಪಡಸಾಲೆ. ಫ್ಯಾನು, ಲೈಟು, ಮಿಕ್ಸಿ, ಫ್ರಿಜ್ಜು, ನಲ್ಲಿ. ಅಪ್ಪ ಮಗಳು ಒಂದು ಸಲವೂ ತಕರಾರು ಮಾಡಲಿಲ್ಲ. ನೆಲದ ಟೈಲ್ಸ್ ಬಣ್ಣವೂ ಅದೇ ಫೋನಿನಲ್ಲೇ ಇತ್ಯರ್ಥವಾಯಿತು. ಬಾಲರಾಜು ಗೋಡೆ ಗಡಿಯಾರ ನೋಡುತ್ತಿದ್ದ. ಎಲ್ಲ ಸೇರಿ ಮೂವತ್ತೈದು ನಿಮಿಷ ಹಿಡಿಯಿತು. ಸಂತೋಷವಾಗಬೇಕಿತ್ತು. ಆಗಲಿಲ್ಲ.

ಜೋಯಿಸರು ಕಾರ್ತೀಕ ಮುಗಿಯುವ ಮೊದಲು ಹಾಲುಕ್ಕಿಸಲು ಒಂದು ಬುಧವಾರ ಗೊತ್ತುಮಾಡಿ ಕೊಟ್ಟರು, ಇನ್ನು ಹದಿನೇಳು ದಿನಕ್ಕೆ. ಮಾರನೆಯ ಬೆಳಿಗ್ಗೆ ಮೇಷ್ಟ್ರೇ ಸೀಮೆಸುಣ್ಣ ಹಿಡಿದು ಬಂದು ಗೋಡೆಗಳ ಮೇಲೆ ಪಾಯಿಂಟು ಗುರುತು ಹಾಕಿದರು. ಎಲೆಕ್ಟ್ರಿಷಿಯನ್ ಅಮೀರ್ ಹಿಂದೆಯೇ ಕಟರ್ ಹಿಡಿದು ಗೋಡೆ ಕೊರೆದ. ಮುಜೀಬ್ ಎಂಟು ಜನರನ್ನು ಕರೆತಂದ. ನಡುಮನೆಯ ಒಳಗೋಡೆಗಳಿಗೆ ಪ್ಲಾಸ್ಟರ್ ಬಿತ್ತು, ಅದಕ್ಕೆ ಹಗಲೆಲ್ಲ ನೀರು ಹೊಡೆದರು. ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಮೇಷ್ಟ್ರು ಬಾಲರಾಜುವಿನ ಜೊತೆ ಕೆಲಸಕ್ಕೆ ಬೇಕಾದ್ದು ಬಿಟ್ಟರೆ ಒಂದು ಮಾತೂ ಆಡಲಿಲ್ಲ. ಪುಸ್ತಕಕ್ಕೆ ಮಾತ್ರ ದಿನಾ ಸಂಜೆ ಬಂದು ಸೈನ್ ಹಾಕುತ್ತಿದ್ದರು. ಬಾಲರಾಜು ಪ್ರತಿ ಸಾಯಂಕಾಲ ಮೆಟ್ಟಿಲು ಹತ್ತಿ ಹೋಗಿ ಅಜ್ಜಿಗೆ ಅವತ್ತಿನ ಕೆಲಸ ಹೇಳಿಬರುತ್ತಿದ್ದ. ಏಳನೆಯ ದಿನ ಆಕೆ ಕೇಳಿಸಿಕೊಂಡು ತಲೆಯಾಡಿಸಿದಳು. ಎಂಟನೆಯ ದಿನ ಕಣ್ಣು ಬಿಡಲಿಲ್ಲ.

ಹತ್ತನೆಯ ದಿನ ನಡುಮನೆಗೆ ಟೈಲ್ಸ್ ಕೂರಿಸಲು ಮರಳು ಸಿಮೆಂಟು ಕಲಸುತ್ತಿದ್ದಾಗ ಫೋನು ಬಂತು.

ಚಿಕ್ಕಲಕ್ಷ್ಮಮ್ಮ ಬಾಡಿಗೆ ಮನೆಯ ಮಂಚದ ಮೇಲೇ ಹೋಗಿದ್ದಳು. ಓನರಮ್ಮ ಒಂದು ಮಾತೂ ಎತ್ತಲಿಲ್ಲ, ತಾನೇ ದೀಪ ಹಚ್ಚಿಟ್ಟು ಅಳುತ್ತಾ ಕೂತಿದ್ದಳು. ಆದರೆ ಹೆಣವನ್ನು ಊರ ಜನ ನೋಡಲು ಎಲ್ಲಿಡುವುದು? ಆ ಕಿರಿದಾದ ಮಹಡಿಯಲ್ಲಿ ಸಾಧ್ಯವಿಲ್ಲ. "ನಮ್ಮ ಮನೆಗೇ ತಗೊಂಡೋಗೋಣ, ಒಳಗೇ ಮಲಗಿಸೋಣ," ಅಂದರು ಮೇಷ್ಟ್ರು. ಬೋರಲಿಂಗಯ್ಯನವರು ಅಡ್ಡ ಬಂದರು.

"ಹಾಲುಕ್ಕದ ಮನೆಗೆ ಹೆಣ ನುಗ್ಗಿಸ್ತೀಯೇನಯ್ಯ? ನಾಳೆ ಮಕ್ಕಳು ಮೊಮ್ಮಕ್ಕಳು ಬಾಳೋ ಜಾಗ ಅದು. ಓದಿರೋನು ನೀನು."

"ಅವಳ ಮನೆ ಅಣ್ಣ ಅದು."

"ಹೌದು. ಆದ್ರೂ ಆಗಾಕಿಲ್ಲ."

ಮೇಷ್ಟ್ರು ವಾದಿಸಲಿಲ್ಲ. ಅವರಲ್ಲಿ ವಾದಿಸುವ ಶಕ್ತಿ ಉಳಿದಿರಲಿಲ್ಲ.

ಹೀಗೆ ಅರವತ್ತೆಂಟು ವರ್ಷ ಆ ಜಾಗದಲ್ಲಿ ಬಾಳಿದವಳನ್ನು ಅದೇ ಜಾಗದ ಗೇಟಿನ ಹೊರಗೆ, ರಸ್ತೆಯಲ್ಲಿ ಮಲಗಿಸಬೇಕಾಯಿತು. ಅಲ್ಲಿ ಮರಳಿನ ರಾಶಿಯೂ ಜಲ್ಲಿಯ ರಾಶಿಯೂ ಬಿದ್ದಿದ್ದವು. ಮುಜೀಬನೂ ಅವನ ಎಂಟು ಜನರೂ ಬಾಂಡ್ಲಿ ಹಿಡಿದು ಒಂದು ಗಂಟೆಯಲ್ಲಿ ಅದನ್ನೆಲ್ಲ ಎತ್ತಿ ಹಾಕಿ, ನೆಲ ಗುಡಿಸಿ, ನೀರು ಹಾಕಿದರು. ಬಾಲರಾಜು ಶಾಮಿಯಾನದ ಕಂಬ ಹಿಡಿದ. ಒಳಗೆ ಕಲಸಿಟ್ಟ ಸಿಮೆಂಟು ಗಟ್ಟಿಯಾಗುತ್ತಿತ್ತು. ಅದನ್ನು ನೋಡುವವರು ಯಾರೂ ಇರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಊರೆಲ್ಲ ಸೇರಿತು. ಬಂದವರು ಮುದುಕಿಯ ಮುಖ ನೋಡಿದರು, ತಲೆಯೆತ್ತಿ ಅರ್ಧ ಆದ ಮನೆ ನೋಡಿದರು, ಆಮೇಲೆ ಬಾಲರಾಜುವನ್ನು ನೋಡಿದರು. "ಇವನೇ ಕಂಟ್ರಾಕ್ಟರು," ಅಂತ ಯಾರೋ ಅಂದರು. ಇನ್ಯಾರೋ, "ಇಂಥೋರ ಕೈಗೆ ಕೊಟ್ರೆ ಇಂಗೇಯ," ಅಂದರು. ಮುಜೀಬ್ ಅತ್ತ ತಿರುಗಿ ಏನೋ ಹೇಳಹೊರಟ. ಬಾಲರಾಜು ಅವನ ರಟ್ಟೆ ಹಿಡಿದ. ಹೇಳಿ ಯಾರಿಗೆ ಏನು ಪ್ರಯೋಜನ? ಹೇಳಬೇಕಾದ ಕಾಲದಲ್ಲಿ ಹೇಳದ ಮಾತು ಈಗ ಬರೀ ಬಾಯಿಚಪಲ.

ಚಟ್ಟ ಕಟ್ಟುತ್ತಿದ್ದಾಗ ಮೇಷ್ಟ್ರು ಜನರ ನಡುವಿನಿಂದ ಎದ್ದು ಅವನ ಬಳಿಗೆ ಬಂದರು. ಹೆಗಲ ಮೇಲೆ ಹಸಿ ಟವೆಲು. ಮೈಮೇಲೆ ಅಂಗಿಯಿಲ್ಲದ ಮೇಷ್ಟ್ರನ್ನು ಅವನು ನೋಡಿದ್ದು ಅದೇ ಮೊದಲು. ಎಷ್ಟು ವಯಸ್ಸಾಗಿದೆ ಇವರಿಗೆ, ಅಂದುಕೊಂಡ.

"ಒಂದು ಕೇಳ್ತೀನಿ. ಸರಿಯಾಗಿ ಹೇಳು. ಮರ ಹೇಳಿದ ದಿನಕ್ಕೆ ಬಂದು, ಪಟ್ಟಿಯೂ ಹೇಳಿದ ದಿನಕ್ಕೆ ಸಿಕ್ಕಿದ್ರೆ, ಮುಗೀತಿತ್ತಾ?"

ಬಾಲರಾಜು ನೆಲ ನೋಡಿದ. ಸುಳ್ಳು ಹೇಳಬಹುದಿತ್ತು. ಮನೆ ಕೆಲಸ ಸಾರ್, ಹಂಗೂ ಹಿಂಗೂ ತಡ ಆಗ್ತಿತ್ತು, ಅನ್ನಬಹುದಿತ್ತು. ನೂರ ಹದಿನಾರು ದಿನ ಅಂಥದ್ದನ್ನೇ ಬರೆದವನಿಗೆ ಇನ್ನೊಂದು ಸಾಲು ಕಷ್ಟವೇನಾಗಿರಲಿಲ್ಲ. ಆದರೆ ಅವನೊಳಗೆ ಆ ನಯ ಸತ್ತುಹೋಗಿತ್ತು.

"ಮುಗೀತಿತ್ತು ಸಾರ್. ದೀಪಾವಳಿ ಹಬ್ಬಾನೇ ಇಲ್ಲಿ ಮಾಡಬಹುದಾಗಿತ್ತು."

ಮೇಷ್ಟ್ರು ತಲೆಯಾಡಿಸಿದರು. ತುಂಬ ಹೊತ್ತು ಆಡಿಸುತ್ತಲೇ ಇದ್ದರು.

"ಮೇ ತಿಂಗಳಲ್ಲೇ ಹೇಳಿದ್ರೆ ನಾನು ಕೇಳ್ತಿದ್ದೆ ಕಣೋ," ಅಂದರು. "ನಿನ್ನ ಮಾತು ನಾನು ಕೇಳ್ತಿದ್ದೆ."

ನಿಜವಾಗಿ ಕೇಳುತ್ತಿದ್ದರೇ? ಬಾಲರಾಜು ಅವರ ಮುಖ ನೋಡಿದ. ಅವರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನುವುದು ಆ ಕಣ್ಣಲ್ಲೇ ಕಾಣುತ್ತಿತ್ತು, ಇನ್ನು ಇದನ್ನು ತಿಳಿಯುವ ದಾರಿ ಇಬ್ಬರಿಗೂ ಇರಲಿಲ್ಲ. ಅವನು ಮುಂದೆ ಹೋಗಿ ಚಟ್ಟಕ್ಕೆ ಹೆಗಲು ಕೊಡಲು ಕೈ ಚಾಚಿದ. ಬೋರಲಿಂಗಯ್ಯನವರ ಮಗ, "ನೀನು ಬ್ಯಾಡ," ಅಂತ ಅವನ ಕೈ ಸರಿಸಿ ತಾನು ಹೆಗಲು ಕೊಟ್ಟ. ಮೇಷ್ಟ್ರು ಅದನ್ನು ನೋಡಿದರು. ಹೆಗಲ ಟವೆಲು ಸರಿಮಾಡಿಕೊಂಡು ಚಟ್ಟದ ಮುಂದೆ ನಡೆದರು.